ಫೈನಲ್ ದಿನ ಕ್ಯಾಪ್ಟನ್ ಏನು ಹೇಳಬೇಕು, ಎಷ್ಟು ಹೇಳಬೇಕು

ಕಾಲೇಜು ಕ್ರಿಕೆಟ್ ಟೀಮಿಗೆ ನಾನು ಕ್ಯಾಪ್ಟನ್ ಆದ ಮೊದಲ ವರ್ಷ, ಫೈನಲ್‌ಗೆ ಮುಂಚೆ ಹದಿನೈದು ನಿಮಿಷ ಮಾತಾಡಿದ್ದೆ. ಹಿಂದಿನ ರಾತ್ರಿ ಕೂತು ಬರೆದುಕೊಂಡಿದ್ದ ಭಾಷಣ ಅದು. ಕಾಲೇಜಿನ ಮರ್ಯಾದೆ, ಸೀನಿಯರ್‌ಗಳ ಆಸೆ, ಮನೆಯವರು ನೋಡಲು ಬಂದಿದ್ದಾರೆ ಅನ್ನುವುದು, ಎಲ್ಲವೂ ಅದರಲ್ಲಿತ್ತು. ಮುಗಿಸುವ ಹೊತ್ತಿಗೆ ನನಗೇ ಕಣ್ಣು ತುಂಬಿತ್ತು. ಆಮೇಲೆ ಮೊದಲ ಓವರಿನಲ್ಲಿ ನಮ್ಮ ಫಾಸ್ಟ್ ಬೌಲರ್ ನಾಲ್ಕು ವೈಡ್ ಹಾಕಿದ. ಎರಡನೇ ಓವರಿನಲ್ಲಿ ಪಾಯಿಂಟ್‌ನಲ್ಲಿದ್ದವನು ಕೈಗೇ ಬಂದ ಕ್ಯಾಚ್ ಬಿಟ್ಟ. ಸಂಜೆ ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಟೀ ಕುಡಿಯುವಾಗ ಅವನನ್ನೇ ಕೇಳಿದೆ, "ಬೆಳಿಗ್ಗೆ ನಾನು ಹೇಳಿದ್ರಲ್ಲಿ ನಿಂಗೆ ಏನು ನೆನಪಿದೆ?" ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಎಂತದೋ ಜೋರಾಗಿ ಹೇಳ್ತಿದ್ದೆ ಮಾರಾಯ. ಸೋತ್ರೆ ಮುಖ ತೋರ್ಸಕ್ಕಾಗಲ್ಲ ಅಂದಿದ್ದೊಂದು ನೆನಪಿದೆ."

ಮುಂದಿನ ವರ್ಷವೂ ಫೈನಲ್‌ಗೆ ಬಂದೆವು. ಆ ಸಲ ಒಂದು ನಿಮಿಷದ ಮೇಲೆ ಸ್ವಲ್ಪ ಮಾತಾಡಿದೆ. ಹಾಗೆ ಮಾಡಲು ಹಿಂದಿನ ದಿನ ಸಂಜೆಯೇ ಒಂದಷ್ಟು ಕೆಲಸ ಮುಗಿಸಿಕೊಳ್ಳಬೇಕಾಯಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಜನವರಿ ತಿಂಗಳು, ಶಿವಮೊಗ್ಗ, ಇಪ್ಪತ್ತು ಓವರಿನ ಪಂದ್ಯ, ಬೆಳಿಗ್ಗೆ ಒಂಬತ್ತಕ್ಕೆ ಶುರು, ಪಿಚ್ ಮೇಲೆ ಮ್ಯಾಟ್ ಹಾಸಿದ ಮ್ಯಾಟಿಂಗ್ ವಿಕೆಟ್. ನವುಲೆ ಸ್ಟೇಡಿಯಂನಂಥ ಒಳ್ಳೆ ಟರ್ಫ್ ಪಿಚ್ ಎಲ್ಲರಿಗೂ ಸಿಗುವುದಿಲ್ಲ, ಅಲ್ವಾ?

ಹಿಂದಿನ ಸಂಜೆ: ಒಬ್ಬೊಬ್ಬರ ಹತ್ತಿರ

ಮೈದಾನದಲ್ಲಿ ಮಾತು ಉದ್ದವಾಗುವುದಕ್ಕೆ ಒಂದೇ ಕಾರಣ. ಒಬ್ಬೊಬ್ಬರಿಗೆ ಬೇರೆ ಬೇರೆ ಹೇಳಬೇಕಾದದ್ದನ್ನು ಎಲ್ಲರ ಮುಂದೆ ಒಟ್ಟಿಗೆ ಹೇಳಲು ಹೋಗುತ್ತೇವೆ. ಕೀಪರ್‌ಗೆ ಹೇಳುವುದನ್ನು ಹತ್ತು ಜನ ಸುಮ್ನೆ ಕೇಳಿಸಿಕೊಳ್ಳುತ್ತಾರೆ. ಬೌಲರ್‌ಗೆ ಹೇಳುವಾಗ ಓಪನರ್ ಗ್ಲೌಸ್ ಪಟ್ಟಿ ಬಿಚ್ಚಿ ಹಾಕುತ್ತಾ ಕೂರುತ್ತಾನೆ. ಅದಕ್ಕೇ ವೈಯಕ್ತಿಕವಾದದ್ದೆಲ್ಲ ಹಿಂದಿನ ಸಂಜೆಯೇ ಮುಗಿಯಬೇಕು.

ನಾಲ್ಕು ಜನರನ್ನು ಬೇರೆ ಬೇರೆಯಾಗಿ ಕರೆದುಕೊಂಡು ಹೋದೆ. ನೆಟ್ಸ್ ಮುಗಿದ ಮೇಲೆ ಕಿಟ್ ಬ್ಯಾಗ್ ಹೊತ್ತುಕೊಂಡು ಹಾಸ್ಟೆಲ್ ಕಡೆ ನಡೆಯುವ ದಾರಿಯೇ ಸಾಕು, ಕುರ್ಚಿ ಹಾಕಿಕೊಂಡು ಕೂರಬೇಕಿಲ್ಲ.

ಮೊದಲನೆಯವನು ಟೀಮಿನಿಂದ ಹೊರಗುಳಿಯುವ ಹುಡುಗ. ಅವನು ತೀರ್ಥಹಳ್ಳಿ ಕಡೆಯವನು, ಸೆಮಿಫೈನಲ್‌ನಲ್ಲಿ ಆಡಿದ್ದ. ಇಂಥವನಿಗೆ ಬೆಳಿಗ್ಗೆ ಎಲ್ಲರ ಎದುರಿಗೆ ಗೊತ್ತಾಗುವ ಹಾಗೆ ಮಾಡಬೇಡಿ. ಅವನ ಮುಖ ನೋಡಿದರೆ ಹತ್ತಿರದ ಇಬ್ಬರು ಗೆಳೆಯರ ಮನಸ್ಸೂ ಕೆಡುತ್ತದೆ, ಆ ಇಬ್ಬರು ಹನ್ನೊಂದರಲ್ಲಿ ಇರುತ್ತಾರೆ. ಕಾರಣ ಒಂದೇ ಸಾಲಿನಲ್ಲಿ ಹೇಳಿದೆ: "ಮ್ಯಾಟ್ ಮೇಲೆ ಇನ್ನೊಬ್ಬ ಸ್ಪಿನ್ನರ್ ಬೇಕು, ಅದಕ್ಕೆ ನೀನು ಹೊರಗೆ." ಅವನು ಏನೂ ಹೇಳಲಿಲ್ಲ. ಸಮಾಧಾನ ಮಾಡಲು ನಾನೂ ಹೋಗಲಿಲ್ಲ. ಬೆಳಿಗ್ಗೆ ಬಾಲ್ ಒರೆಸುವ ಬಟ್ಟೆಗಳ ಜವಾಬ್ದಾರಿ ಅವನಿಗೆ ಕೊಟ್ಟೆ. ಅದು ನಿಜವಾದ ಕೆಲಸ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೆಯವನು ಹೊಸ ಬಾಲ್ ಹಾಕುವವನು. ಹಿಂದಿನ ವರ್ಷ ನಾಲ್ಕು ವೈಡ್ ಹಾಕಿದ್ದ ಅದೇ ಆಸಾಮಿ. ಉತ್ಸಾಹ ಜಾಸ್ತಿಯಾದಾಗ ಫಾಸ್ಟ್ ಬೌಲರ್ ರನ್‌ಅಪ್‌ನಲ್ಲಿ ಬೇಗ ಓಡುತ್ತಾನೆ, ಹೆಜ್ಜೆ ದೊಡ್ಡದಾಗುತ್ತದೆ, ಕ್ರೀಸ್ ಹತ್ತಿರ ಲೆಕ್ಕ ತಪ್ಪುತ್ತದೆ. ಆಗ ನೋಬಾಲ್ ಬರುತ್ತದೆ, ಇಲ್ಲವೇ ಬಾಲ್ ಲೆಗ್ ಕಡೆ ಜಾರುತ್ತದೆ. "ಟೆನ್ಷನ್ ಮಾಡ್ಕೋಬೇಡ" ಅಂದರೆ ಇದು ಸರಿಹೋಗುವುದಿಲ್ಲ. ಎರಡೇ ವಿಷಯ ಹೇಳಿದೆ. ಒಂದು, ಪ್ರತಿ ಬಾಲ್ ಆದ ಮೇಲೆ ಮಾರ್ಕ್‌ಗೆ ನಡೆದುಕೊಂಡೇ ವಾಪಸ್ ಹೋಗಬೇಕು, ಓಡಬಾರದು. ಎರಡು, ಮೊದಲ ಮೂರು ಬಾಲ್ ಮುಕ್ಕಾಲು ವೇಗದಲ್ಲಿ, ಆಫ್ ಸ್ಟಂಪ್ ಮೇಲೆ. ಎದುರು ಟೀಮಿನ ಎಡಗೈ ಓಪನರ್ ಕಟ್ ಚೆನ್ನಾಗಿ ಹೊಡೆಯುತ್ತಿದ್ದ. ಮ್ಯಾಟ್ ಮೇಲೆ ಬಾಲ್ ಎದ್ದು ಬರುತ್ತದೆ, ಸ್ವಲ್ಪ ಶಾರ್ಟ್ ಬಿದ್ದರೂ ಅವನಿಗೆ ಹಬ್ಬ. ಹಾಗಾಗಿ ಅವನಿಗೆ ಮಾತ್ರ ಎಂದಿನದಕ್ಕಿಂತ ಒಂದಡಿ ಮುಂದೆ ಹಾಕುವುದು ಅಂತ ಅಲ್ಲೇ ತೀರ್ಮಾನವಾಯಿತು.

ಮೂರನೆಯವನು ಸೆಮಿಫೈನಲ್‌ನಲ್ಲಿ ಸೊನ್ನೆಗೆ ಔಟಾಗಿದ್ದ ನಮ್ಮ ಓಪನರ್. ಇಂಥವರ ಹತ್ತಿರ ಏನು ಹೇಳುವುದು ಅನ್ನುವುದಕ್ಕೆ ನಮ್ಮ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಭದ್ರಾವತಿಯಲ್ಲಿ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಆಗ ಕ್ಯಾಪ್ಟನ್ ಆಗಿದ್ದ ಪಟೌಡಿ ಹತ್ತಿರ ಬಂದು, ಚಿಂತೆ ಮಾಡಬೇಡ, ನೀನು ನೂರು ಹೊಡೀತೀಯ ಅನ್ನುವ ಅರ್ಥದ ಮಾತು ಹೇಳಿದ್ದರು ಅಂತ ವಿಶ್ವನಾಥ್ ಆಮೇಲೆ ನೆನೆಸಿಕೊಂಡಿದ್ದಾರೆ. ಎರಡನೇ ಇನಿಂಗ್ಸ್‌ನಲ್ಲಿ ಅವರು 137 ಹೊಡೆದರು. ನಾನು ಇದನ್ನು ಹೇಳುವುದು ನೂರರ ಭರವಸೆ ಕೊಡಿ ಅಂತ ಅಲ್ಲ. ಕಾಲೇಜು ಹುಡುಗನಿಗೆ ನೂರು ಹೊಡೀತೀಯ ಅಂದರೆ ನಕ್ಕುಬಿಡುತ್ತಾನೆ. ಅಲ್ಲಿ ನೋಡಬೇಕಾದದ್ದು ಬೇರೆ: ಮಾತು ಒಂದೇ ಸಾಲು, ಹೇಳಿದ್ದು ಅವನೊಬ್ಬನಿಗೇ, ಅದರಲ್ಲಿ ತಂತ್ರದ ಪಾಠ ಇರಲಿಲ್ಲ. ನಮ್ಮ ಓಪನರ್‌ಗೆ ನಾನು ಹೇಳಿದ್ದು ಇಷ್ಟೇ: "ನಾಳೆ ಓಪನಿಂಗ್ ನೀನೇ. ಅದರ ಬಗ್ಗೆ ಮತ್ತೆ ಮಾತಿಲ್ಲ." ಅವನು ಒಂದು ವಾರದಿಂದ ಜಾಗ ಹೋಗುತ್ತೇನೋ ಅಂತ ಹೆದರಿಕೊಂಡಿದ್ದ.

ನಾಲ್ಕನೆಯವರು ಪಿಡಿ ಸರ್, ಅಂದರೆ ಕಾಲೇಜಿನ ಫಿಸಿಕಲ್ ಡೈರೆಕ್ಟರ್. ಅವರನ್ನು ಮರೆತರೆ ನಿಮ್ಮ ಒಂದು ನಿಮಿಷ ಇಪ್ಪತ್ತು ನಿಮಿಷವಾಗುತ್ತದೆ. ಕ್ಯಾಪ್ಟನ್ ಮುಗಿಸಿದ ಮೇಲೆ ಸರ್ ಎರಡು ಮಾತು, ಸರ್ ಆದ ಮೇಲೆ ಹಳೆ ವಿದ್ಯಾರ್ಥಿ ಯಾರೋ ಎರಡು ಮಾತು, ಹೀಗೇ ಸಾಗುತ್ತದೆ. ಮುಂಚೆಯೇ ಕೇಳಿಕೊಳ್ಳಬೇಕು: "ಸರ್, ನಾಳೆ ನೀವು ತಿಂಡಿ ಹೊತ್ತಲ್ಲೇ ಹುಡುಗ್ರಿಗೆ ಹೇಳಿಬಿಡಿ. ಟಾಸ್ ಆದ್ಮೇಲೆ ಟೈಮ್ ಇರಲ್ಲ, ಫೀಲ್ಡ್ ಬಗ್ಗೆ ನಾನೊಂದೆರಡು ಮಾತು ಹೇಳಿ ಕರ್ಕೊಂಡು ಹೋಗ್ತೀನಿ." ನಮ್ಮ ಸರ್ ಒಪ್ಪಿದರು. ಎಲ್ಲ ಸರ್‌ಗಳೂ ಒಪ್ಪುತ್ತಾರೆ ಅಂತ ಹೇಳಲಾರೆ.

ಬೆಳಿಗ್ಗೆ: ಮೈದಾನ ನೋಡಿ, ಎರಡು ಚೀಟಿ ಬರೆಯಿರಿ

ಮಾತಿನ ಮೊದಲ ಸಾಲು ಮೈದಾನದಲ್ಲಿ ಸಿಗುತ್ತದೆ. ಜನವರಿಯಲ್ಲಿ ನಮ್ಮ ಕಡೆ ಬೆಳಿಗ್ಗೆ ಎಂಟಕ್ಕೂ ಮಂಜು ಬಿಟ್ಟಿರುವುದಿಲ್ಲ. ಹುಲ್ಲಿನ ಮೇಲೆ ಇಬ್ಬನಿ ಇರುತ್ತದೆ. ಬೌಂಡರಿ ಸುತ್ತ ಒಂದು ಸುತ್ತು ನಡೆದು ಬಂದರೆ ಶೂ ತೊಯ್ದು ಹೋಗುತ್ತದೆ. ಆ ದಿನ ನಾನು ಒಂದು ಹಳೆ ಬಾಲ್ ತೆಗೆದುಕೊಂಡು ಕವರ್‌ನಿಂದ ಬೌಂಡರಿವರೆಗೆ ಉರುಳಿಸಿದೆ. ಎತ್ತಿಕೊಂಡಾಗ ಅಂಗೈ ಒದ್ದೆ, ಹೊಲಿಗೆಯ ಮೇಲೆ ಹುಲ್ಲಿನ ಚೂರು. ಮೊದಲ ಅರ್ಧ ಗಂಟೆ ಬಾಲ್ ಜಾರುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಜಾರುವ ಬಾಲ್ ಅಂದರೆ ಬಿಟ್ಟ ಕ್ಯಾಚು, ಓವರ್‌ಥ್ರೋ, ಸ್ಪಿನ್ನರ್ ಕೈಯಿಂದ ಫುಲ್‌ಟಾಸ್. ಅದಕ್ಕೇ ಹೊರಗುಳಿದ ಹುಡುಗನಿಗೆ ಬಟ್ಟೆಯ ಕೆಲಸ. ಮೂರು ಹತ್ತಿ ಟವೆಲ್ ತರಲು ಹೇಳಿದ್ದೆ. ಒಂದು ಮಿಡ್ ಆಫ್‌ನವನ ಸೊಂಟದಲ್ಲಿ, ಎರಡು ಹೊರಗೆ ಒಣಗಿದ್ದು. ಒದ್ದೆಯಾದ ಬಾಲನ್ನು ಅಂಪೈರ್ ಒಪ್ಪಿದ ಬಟ್ಟೆಯಿಂದ ಒರೆಸಲು ನಿಯಮದಲ್ಲಿ ಅವಕಾಶ ಇದೆ. ಟಾಸ್ ಹೊತ್ತಲ್ಲೇ ಅವರಿಗೆ ಬಟ್ಟೆ ತೋರಿಸಿ ಕೇಳಿಬಿಡುವುದು ವಾಸಿ.

ಮ್ಯಾಟ್ ಕೂಡ ನೋಡಿ. ಮೊಳೆ ಸಡಿಲವಾಗಿದ್ದರೆ ಅಂಪೈರ್‌ಗೆ ಆಗಲೇ ಹೇಳಬೇಕು. ಮ್ಯಾಟಿನ ಅಂಚು ಎಲ್ಲಿ ಬರುತ್ತದೆ ಅಂತ ಬೌಲರ್ ಒಮ್ಮೆ ಓಡಿ ನೋಡಲಿ.

ಟಾಸ್ ಪಂದ್ಯಕ್ಕೆ ಅರ್ಧ ಗಂಟೆ ಮುಂಚಿನಿಂದ ಕಾಲು ಗಂಟೆ ಮುಂಚಿನ ಒಳಗೆ ಆಗಬೇಕು. ನಿಯಮ ಹಾಗಿದೆ. ಒಂಬತ್ತಕ್ಕೆ ಪಂದ್ಯ ಅಂದರೆ ಎಂಟೂವರೆಯಿಂದ ಎಂಟೂಮುಕ್ಕಾಲು. ಅಂದರೆ ಟಾಸ್ ಆದ ಮೇಲೆ ನಿಮ್ಮ ಕೈಯಲ್ಲಿ ಇರುವುದು ಹೆಚ್ಚೆಂದರೆ ಅರ್ಧ ಗಂಟೆ, ಕೆಲವು ಸಲ ಕಾಲು ಗಂಟೆ. ಓಪನರ್‌ಗಳಿಗೆ ಪ್ಯಾಡ್ ಕಟ್ಟಲೂ ಅದೇ ಸಮಯ. ಅದಕ್ಕೇ ಟಾಸ್‌ಗೆ ಹೋಗುವ ಮುಂಚೆಯೇ ಎರಡು ಚೀಟಿ ಮಾಡಿಟ್ಟುಕೊಂಡೆ. ಒಂದು ಬೌಲಿಂಗ್ ಬಂದರೆ, ಇನ್ನೊಂದು ಬ್ಯಾಟಿಂಗ್ ಬಂದರೆ. ಒಂದೊಂದರಲ್ಲೂ ಮೂರೇ ಶಬ್ದ. ಬೌಲಿಂಗ್ ಚೀಟಿಯಲ್ಲಿ ಇದ್ದದ್ದು: ಒದ್ದೆ, ಫೀಲ್ಡ್, ಕ್ಯಾಚ್. ವಾಕ್ಯ ಬರೆದುಕೊಂಡರೆ ಓದಬೇಕು ಅನಿಸುತ್ತದೆ, ಓದುವವನ ಕಣ್ಣು ಹುಡುಗರ ಮೇಲೆ ಇರುವುದಿಲ್ಲ.

ಟಾಸ್ ನಾವು ಸೋತೆವು. ಇಲ್ಲೊಂದು ಸಣ್ಣ ವಿಷಯ. ಮಧ್ಯದಿಂದ ಬೌಂಡರಿಗೆ ನಡೆದು ಬರುವ ಕ್ಯಾಪ್ಟನ್ ಮುಖವನ್ನು ಹನ್ನೊಂದು ಜನ ನೋಡುತ್ತಿರುತ್ತಾರೆ. ಅಲ್ಲಿಂದಲೇ ತಲೆ ಆಡಿಸುತ್ತಾ, ಥತ್ ಅನ್ನುತ್ತಾ ಬಂದರೆ ನಿಮ್ಮ ಮಾತು ಅಲ್ಲಿಗೇ ಮುಗಿಯಿತು. ನಾನು ದೂರದಿಂದಲೇ ಬೌಲಿಂಗ್ ಅಂತ ಕೈ ತಿರುಗಿಸಿ ತೋರಿಸಿ, ಸಾಮಾನ್ಯವಾಗಿ ನಡೆದುಕೊಂಡು ಬಂದೆ.

ಆ ಒಂದು ನಿಮಿಷ

ಜಾಗ: ಜನ ಕೂತಿರುವ ಕಡೆಯಿಂದ ದೂರ. ಮನೆಯವರು, ಗೆಳತಿಯರು, ಫೋನ್ ಹಿಡಿದು ವಿಡಿಯೋ ಮಾಡುವವರು ಹತ್ತಿರ ಇದ್ದರೆ ಕ್ಯಾಪ್ಟನ್ ಅವರಿಗಾಗಿ ಮಾತಾಡಲು ಶುರು ಮಾಡುತ್ತಾನೆ. ನಾವು ಸೈಟ್‌ಸ್ಕ್ರೀನ್ ಹಿಂದಿದ್ದ ಹಲಸಿನ ಮರದ ಕೆಳಗೆ ಸೇರಿದೆವು. ಹೊತ್ತು: ಮೈದಾನಕ್ಕೆ ಇಳಿಯುವ ಮುಂಚಿನ ಐದು ನಿಮಿಷದಲ್ಲಿ. ಅದಕ್ಕಿಂತ ಮೊದಲೇ ಹೇಳಿದರೆ ಮತ್ತೆ ಹರಟೆಗೆ ಬಿದ್ದು ಮರೆತುಬಿಡುತ್ತಾರೆ. ಎಲ್ಲರೂ ಟೋಪಿ ಹಾಕಿ, ಲೇಸ್ ಕಟ್ಟಿ ಸಿದ್ಧವಾದ ಮೇಲೆಯೇ ಶುರು ಮಾಡಿ.

ನಾನು ಹೇಳಿದ್ದು ಹೆಚ್ಚುಕಮ್ಮಿ ಹೀಗಿತ್ತು:

"ಹತ್ರ ಬನ್ನಿ. ಬೌಲಿಂಗ್ ನಮ್ದು. ಔಟ್‌ಫೀಲ್ಡ್ ಇನ್ನೂ ಒದ್ದೆ ಇದೆ, ಬಾಲ್ ಜಾರತ್ತೆ. ಮೊದಲ ಐದು ಓವರ್ ಎಲ್ರೂ ಎರಡೂ ಕೈಯಲ್ಲಿ ಹಿಡೀರಿ, ಮೈ ಬಾಲ್ ಹಿಂದೆ ಇರ್ಲಿ. ಸ್ಟಂಪಿಗೆ ಎಸಿಯೋದು ಬೇಡ, ಕೀಪರ್ ಕೈಗೆ ಕೊಡಿ. ಬಟ್ಟೆ ಮಿಡ್ ಆಫ್ ಹತ್ರ ಇದೆ, ಪ್ರತಿ ಬಾಲೂ ಅವನ ಕೈಯಿಂದಲೇ ಬೌಲರ್‌ಗೆ ಹೋಗ್ಲಿ.

"ಆ ಎಡಗೈಯವನು ಮೊದಲ ಓವರಲ್ಲೇ ಎರಡು ಫೋರ್ ಹೊಡೀಬಹುದು. ಹೊಡೀಲಿ. ಮೂರು ಓವರ್ ಇದೇ ಫೀಲ್ಡ್. ಬದಲಾಯಿಸ್ಬೇಕಾದ್ರೆ ನಾನು ಹೇಳ್ತೀನಿ, ಅಲ್ಲಿವರೆಗೆ ನಿಮ್ ನಿಮ್ ಜಾಗ ಬಿಡಬೇಡಿ.

"ಕ್ಯಾಚ್ ಒಂದೆರಡು ಬಿದ್ದೇ ಬೀಳತ್ತೆ. ಬಿಟ್ರೆ ತಲೆ ಮೇಲೆ ಯಾರೂ ಕೈ ಇಡಬಾರದು. ಹತ್ತಿರ ಇರೋನು ಅವನ ಹತ್ರ ಹೋಗಿ, ಮುಂದಿನ ಬಾಲಿಗೆ ಎಲ್ಲಿ ನಿಲ್ತೀಯ ಅಂತ ಕೇಳಿ ಬರ್ಬೇಕು. ಅಷ್ಟೇ. ನಡೀರಿ."

ನಿಧಾನವಾಗಿ ಓದಿದರೂ ಒಂದು ನಿಮಿಷದ ಆಸುಪಾಸು. ಇದರಲ್ಲಿ ಗೆಲ್ಲುವುದು, ಕಪ್, ಫೈನಲ್ ಅನ್ನುವ ಶಬ್ದ ಇಲ್ಲ. ಫೈನಲ್ ಅಂತ ಹುಡುಗರಿಗೆ ಗೊತ್ತಿದೆ, ಹಿಂದಿನ ರಾತ್ರಿ ಅದಕ್ಕೇ ನಿದ್ದೆ ಬಂದಿಲ್ಲ. ಕ್ಯಾಪ್ಟನ್ ಅದನ್ನು ಮತ್ತೆ ನೆನಪಿಸಿದರೆ ಎದೆಬಡಿತ ಜಾಸ್ತಿಯಾಗುತ್ತದೆ, ಕೈ ಮಾತ್ರ ಗಟ್ಟಿಯಾಗುವುದಿಲ್ಲ. ಅದರ ಬದಲು ಮೊದಲ ಹತ್ತು ಹದಿನೈದು ನಿಮಿಷ ಕೈಕಾಲಿಗೆ ಏನು ಕೆಲಸ ಅನ್ನುವುದನ್ನು ಹೇಳಿದರೆ ತಲೆ ಅಲ್ಲಿಗೆ ಹೋಗುತ್ತದೆ.

ಎರಡನೇ ತುಣುಕು ನನಗೆ ಎಲ್ಲಕ್ಕಿಂತ ಮುಖ್ಯ. ಕೆಟ್ಟದ್ದನ್ನು ಮುಂಚೆಯೇ ಹೆಸರು ಹಿಡಿದು ಹೇಳುವುದು. ಮೊದಲ ಓವರಿನಲ್ಲಿ ಎರಡು ಫೋರ್ ಹೋದಾಗ ಸಾಮಾನ್ಯವಾಗಿ ಏನಾಗುತ್ತದೆ ಅಂದರೆ, ಐದು ಜನ ಐದು ದಿಕ್ಕಿಗೆ ಕೈ ತೋರಿಸುತ್ತಾರೆ. ಬೌಲರ್ ಗೊಂದಲಕ್ಕೆ ಬಿದ್ದು ಮುಂದಿನ ಬಾಲ್ ಶಾರ್ಟ್ ಹಾಕುತ್ತಾನೆ. ಮುಂಚೆಯೇ ಕೇಳಿದ್ದರೆ ಅದು ನಡೆದಾಗ, ಓ ಇದೇ ಅಲ್ವಾ ಅವನು ಹೇಳಿದ್ದು ಅನಿಸುತ್ತದೆ. ಆದರೆ ಒಂದು ಮಿತಿ: ಒಂದೆರಡು ಕಷ್ಟ ಹೇಳಿದರೆ ಸಾಕು. ಹೀಗಾದರೆ, ಹಾಗಾದರೆ ಅಂತ ಆರು ಹೇಳಿದರೆ ಹೆದರಿಕೆಯ ಪಟ್ಟಿಯಾಗುತ್ತದೆ. ಮತ್ತೆ ಪ್ರತಿ ಕಷ್ಟದ ಹಿಂದೆಯೇ ಏನು ಮಾಡಬೇಕು ಅನ್ನುವುದೂ ಬರಬೇಕು. "ಕ್ಯಾಚ್ ಬಿಡಬೇಡಿ" ಅನ್ನುವ ಮಾತಿನಿಂದ ಫೀಲ್ಡರ್‌ಗೆ ಮಾಡಲು ಏನೂ ಸಿಗುವುದಿಲ್ಲ, ಬಿಡುವ ಭಯ ಮಾತ್ರ ಸಿಗುತ್ತದೆ. "ಎರಡೂ ಕೈ" ಅಂದರೆ ಕೆಲಸ ಸಿಗುತ್ತದೆ. ತಲೆ ಮೇಲೆ ಕೈ ಬೇಡ ಅಂದದ್ದು ನನ್ನ ಒಂದು ಬರೀ ಬೇಡ, ಅದನ್ನು ಉಳಿಸಿಕೊಂಡಿದ್ದೇನೆ. ಹಿಂದಿನ ವರ್ಷ ಕ್ಯಾಚ್ ಬಿಟ್ಟವನು ಸುತ್ತ ನೋಡಿದಾಗ ಎಂಟು ಜನ ತಲೆ ಮೇಲೆ ಕೈ ಹೊತ್ತು ನಿಂತಿದ್ದರು. ನಾನೂ ಒಬ್ಬ.

ಬ್ಯಾಟಿಂಗ್ ಚೀಟಿ ಆ ದಿನ ಮಾತಿಗೆ ಬೇಕಾಗಲಿಲ್ಲ, ಆದರೂ ಅದರಲ್ಲಿ ಏನಿತ್ತು ಅಂತ ಹೇಳುತ್ತೇನೆ. ಮೊದಲು ಎಲ್ಲರಿಗೂ ಅರ್ಧ ನಿಮಿಷ, ಕೂಡಲೇ ಓಪನರ್‌ಗಳನ್ನು ಬಿಟ್ಟುಬಿಡುವುದು. ಮ್ಯಾಟ್ ಮೇಲೆ ಬಾಲ್ ಎದೆಮಟ್ಟಕ್ಕೆ ಬರುತ್ತದೆ, ಮೊದಲ ಎರಡು ಓವರ್ ಹಿಂದೆ ಸರಿದು ಆಡಿ. ಎರಡು ವಿಕೆಟ್ ಬೇಗ ಬಿದ್ದರೆ ಮುಂದಿನ ಜೋಡಿ ಎರಡು ಓವರ್ ಸಿಂಗಲ್ ಮಾತ್ರ ನೋಡಲಿ. ಮತ್ತೆ ಮೂರನೇ ನಂಬರಿನವನು ಪ್ಯಾಡ್ ಕಟ್ಟಿ, ಹೆಲ್ಮೆಟ್ ತೊಡೆಯ ಮೇಲೆ ಇಟ್ಟುಕೊಂಡು ಕೂತಿರಬೇಕು. 2022ರ ಅಕ್ಟೋಬರ್‌ನಿಂದ ನಿಯಮ ಬದಲಾಗಿದೆ. ಕ್ಯಾಚ್ ಔಟ್ ಆದಾಗ ಬ್ಯಾಟ್ಸ್‌ಮನ್‌ಗಳು ಅರ್ಧ ದಾರಿ ದಾಟಿದ್ದರೂ, ಓವರ್ ಮುಗಿಯದಿದ್ದರೆ, ಹೊಸದಾಗಿ ಬಂದವನೇ ಮುಂದಿನ ಬಾಲ್ ಆಡಬೇಕು. ಮೊದಲಿನ ಹಾಗೆ ಆ ಕಡೆ ನಿಂತು ಉಸಿರು ತೆಗೆದುಕೊಳ್ಳುವ ಅವಕಾಶ ಇಲ್ಲ. ಮಿರ್ಚಿ ಬಜ್ಜಿ ತಿನ್ನುತ್ತಾ ಕೂತ ಮೂರನೇ ನಂಬರಿನವನನ್ನು ನಾನು ಕಂಡಿದ್ದೇನೆ.

ನಿಮ್ಮದೇ ಗಂಟಲು ನಡುಗಿದರೆ

ಇದು ಆಗುತ್ತದೆ. ನನಗೆ ಎರಡು ವರ್ಷವೂ ಆಯಿತು. ಬಾಯಿ ಒಣಗಿರುತ್ತದೆ, ಮಾತು ಬೇಗ ಬೇಗ ಬರುತ್ತದೆ, ದನಿ ಏರುತ್ತದೆ. ಮಾತಿಗೆ ಮುಂಚೆ ಎರಡು ಗುಟುಕು ನೀರು ಕುಡಿಯಿರಿ. ಬಾಲ್ ಕೈಯಲ್ಲಿ ಹಿಡಿದುಕೊಳ್ಳಿ, ಕೈಗೆ ಏನೋ ಒಂದು ಬೇಕಾಗಿರುತ್ತದೆ. ಮೊದಲ ಮಾತು ಕಣ್ಣಿಗೆ ಕಾಣುವ ಸಂಗತಿಯಾಗಿರಲಿ: ಔಟ್‌ಫೀಲ್ಡ್ ಒದ್ದೆ ಇದೆ. ಅದನ್ನು ಹೇಳುವಾಗ ದನಿ ತಾನಾಗಿ ಇಳಿಯುತ್ತದೆ, ಯಾಕೆಂದರೆ ಅದು ಬರೀ ಸುದ್ದಿ. ಮೊದಲ ಮಾತೇ "ಇವತ್ತು" ಅಂತ ಶುರುವಾದರೆ ದನಿ ಮೇಲಕ್ಕೇ ಹೋಗುತ್ತದೆ, ಬೇಕಾದರೆ ಮನೆಯಲ್ಲಿ ಗಟ್ಟಿಯಾಗಿ ಹೇಳಿ ನೋಡಿ.

ತಲುಪಿತಾ ಅಂತ ತಿಳಿಯುವುದು ಹೇಗೆ

"ಗೊತ್ತಾಯ್ತಾ?" ಅಂತ ಕೇಳಬೇಡಿ. ಹನ್ನೊಂದು ಜನರೂ "ಹೂಂ" ಅನ್ನುತ್ತಾರೆ. ಮೈದಾನಕ್ಕೆ ನಡೆಯುವಾಗ ಒಬ್ಬನ ಪಕ್ಕಕ್ಕೆ ಹೋಗಿ ಸುಮ್ನೆ ಕೇಳಿ. ನಾನು ಪಾಯಿಂಟ್‌ನವನನ್ನು ಕೇಳಿದೆ, "ಬಾಲ್ ನಿನ್ ಹತ್ರ ಬಂದ್ರೆ ಯಾರಿಗೆ ಕೊಡ್ತೀಯ?" "ಕೀಪರ್‌ಗೆ" ಅಂದ. ಸಾಕು. ಅವನು ತಡವರಿಸಿದ್ದರೆ ಅವನೊಬ್ಬನಿಗೆ ಮತ್ತೆ ಹೇಳುತ್ತಿದ್ದೆ. ಎಲ್ಲರನ್ನೂ ತಿರುಗಿ ಗುಂಪು ಕೂಡಿಸಿದರೆ ಕ್ಯಾಪ್ಟನ್‌ಗೇ ಧೈರ್ಯ ಇಲ್ಲ ಅಂತ ಹುಡುಗರಿಗೆ ಗೊತ್ತಾಗಿಬಿಡುತ್ತದೆ.

ಗುಂಪಿನಲ್ಲಿ ನಿಂತಾಗಲೂ ಕಣ್ಣಿಗೆ ಕೆಲವು ಸೂಚನೆ ಬೀಳುತ್ತವೆ. ಕಾಲಿನಿಂದ ನೆಲ ಕೆರೆಯುವವನು, ಪದೇ ಪದೇ ಆಕಳಿಸುವವನು, ಎಲ್ಲದಕ್ಕೂ ಜೋರಾಗಿ ನಗುವವನು, ಮೂವರಿಗೂ ಒಳಗೆ ಒಂದೇ ಸಂಕಟ. ಆಕಳಿಸುವವನನ್ನು ಸೋಮಾರಿ ಅಂದುಕೊಂಡು ಬೈಯಬೇಡಿ. ಅಂಥವನನ್ನು ಮೊದಲ ಎರಡು ಓವರ್ ಬಾಲ್ ಜಾಸ್ತಿ ಬರುವ ಜಾಗದಲ್ಲಿ ನಿಲ್ಲಿಸಿ. ಒಂದೆರಡು ಬಾಲ್ ಕೈಗೆ ಸಿಕ್ಕಿದರೆ ಮೈ ತಾನಾಗಿ ಹದಕ್ಕೆ ಬರುತ್ತದೆ.

ಆ ದಿನ ಮೊದಲ ಓವರಿನಲ್ಲಿ ಒಂದು ಫೋರ್ ಹೋಯಿತು, ವೈಡ್ ಒಂದೂ ಇಲ್ಲ. ನಾಲ್ಕನೇ ಓವರಿನಲ್ಲಿ ಪಾಯಿಂಟ್‌ನಲ್ಲಿ ಮತ್ತೆ ಕ್ಯಾಚ್ ಬಿತ್ತು. ಅದೇ ಹುಡುಗ, ಅದೇ ಜಾಗ. ಕವರ್‌ನಲ್ಲಿದ್ದವನು ಹತ್ತು ಹೆಜ್ಜೆ ನಡೆದು ಅವನ ಹತ್ತಿರ ಹೋಗಿ ಏನೋ ಕೇಳಿದ. ಇವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಯಾರ ಕೈಯೂ ತಲೆ ಮೇಲೆ ಇರಲಿಲ್ಲ. ಏಳನೇ ಓವರಿನಲ್ಲಿ ಆ ಎಡಗೈಯವನು ಅದೇ ಕಟ್ ಹೊಡೆದ, ಈ ಸಲ ಇವನು ಹಿಡಿದ.

ಅಂದಹಾಗೆ ಆ ಫೈನಲ್ಲೂ ನಾವು ಸೋತೆವು, ಒಂಬತ್ತು ರನ್ನಿಂದ. ಚೇಸ್ ಮಾಡುವಾಗ ಹದಿನೇಳನೇ ಓವರಿನಲ್ಲಿ ಎರಡು ರನ್‌ಔಟ್ ಆದವು. ಎರಡರಲ್ಲೂ ಆ ಕಡೆ ನಿಂತಿದ್ದವನು ನಾನೇ. ಬೆಳಿಗ್ಗೆ ಎಂಟೂಐವತ್ತೈದಕ್ಕೆ ಹೇಳಿದ ಮಾತು ಮಧ್ಯಾಹ್ನದವರೆಗೆ ಕೆಲಸ ಮಾಡುವುದಿಲ್ಲ. ಅದಕ್ಕೆ ಇನಿಂಗ್ಸ್ ನಡುವೆ ಇನ್ನೊಂದು ಚೀಟಿ ಬೇಕಿತ್ತು, ನಾನು ಬರೆದಿರಲಿಲ್ಲ.